ಬೇಳೆಯೂ ಬೆಳೆಯೂ: ಎರಡು ಭಾಷೆಯ ಪದ್ಯವೊಂದರ ಒಳಗಟ್ಟು

ನ್ಯೂಜೆರ್ಸಿಯ ಶನಿವಾರದ ಕನ್ನಡ ತರಗತಿಗೆಂದು ಬರೆದ ಪದ್ಯವನ್ನು ಡೊಂಬಿವಲಿಯ ಭಾನುವಾರದ ತರಗತಿಗೆ ಹಾಗೆಯೇ ತಂದರೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಎರಡೂ ಕಡೆ ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಎರಡೂ ಕಡೆ ವಾರಕ್ಕೆ ಸಿಗುವುದು ಒಂದೆರಡು ಗಂಟೆ. ಒಂದು ಸಾಲು ಇಂಗ್ಲಿಷ್, ಒಂದು ಸಾಲು ಕನ್ನಡ ಎಂಬ ಜೋಡಣೆಯೂ ಎರಡೂ ಕಡೆ ಬಳಕೆಯಲ್ಲಿದೆ. ಬೇರೆಯಾಗಿರುವುದು ಮಗುವಿನ ಕಿವಿ. ಅಮೆರಿಕದಲ್ಲಿ ಬೆಳೆಯುವ ಮಗುವಿಗೆ ‘ತ’ ಮತ್ತು ‘ಟ’ ಎರಡೂ ಒಂದೇ ಎನಿಸುತ್ತವೆ, ‘ಳ’ಕಾರ ನಾಲಿಗೆಗೆ ಸಿಗುವುದೇ ಇಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆಗಳ ಮಗುವಿಗೆ ಇವು ಯಾವುವೂ ಕಷ್ಟವಲ್ಲ, ಏಕೆಂದರೆ ಬೀದಿಯ ಮರಾಠಿಯಲ್ಲಿ ತ, ಟ, ಳ, ಣ ಎಲ್ಲವೂ ಇವೆ. ಅದರ ತೊಡಕು ಇನ್ನೊಂದು ಕಡೆ ಇದೆ.

ಮರಾಠಿಯಲ್ಲಿ ಎ ಮತ್ತು ಏ ಎಂಬ ಭೇದವಿಲ್ಲ, ಒ ಮತ್ತು ಓ ಎಂಬ ಭೇದವೂ ಇಲ್ಲ. ಮರಾಠಿಯ ದೇವನಾಗರಿ ಬರವಣಿಗೆಯಲ್ಲಿ ಅವುಗಳಿಗೆ ಒಂದೊಂದೇ ಗುರುತು. ಹಿಂದಿಯಲ್ಲೂ ಹಾಗೆಯೇ. ಹೀಗಾಗಿ ಗದ್ದೆಯಲ್ಲಿರುವ ಬೆಳೆ, ಡಬ್ಬಿಯಲ್ಲಿರುವ ಬೇಳೆ, ಕೈ ಚಾಚಿ ಕೇಳುವ ಕೊಡು, ಎಮ್ಮೆಯ ತಲೆಯ ಮೇಲಿನ ಕೋಡು ಇವು ಶಾಲೆಯಲ್ಲೂ ಆಟದ ಮೈದಾನದಲ್ಲೂ ಮರಾಠಿ, ಹಿಂದಿ ಆಡುವ ಮಗುವಿನ ಬಾಯಲ್ಲಿ ಒಂದೇ ಉದ್ದಕ್ಕೆ ಬಂದು ನಿಲ್ಲುತ್ತವೆ. ಎರಡನೆಯ ತೊಡಕು ಪದದ ಕೊನೆಯ ಸ್ವರ. ಮರಾಠಿ, ಹಿಂದಿಗಳಲ್ಲಿ ಪದಾಂತ್ಯದ ‘ಅ’ ಮಾತಿನಲ್ಲಿ ಬಿದ್ದುಹೋಗುತ್ತದೆ. ಆ ಅಭ್ಯಾಸದಿಂದ ಮರ ‘ಮರ್’ ಆಗುತ್ತದೆ, ಬೇಯುವ ‘ಬೇಯುವ್’ ಆಗುತ್ತದೆ.

ಈ ಊರುಗಳ ಕನ್ನಡಿಗರೆಲ್ಲ ಒಂದೇ ತೆರನಾದ ಮನೆಯಿಂದ ಬಂದವರಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಎಷ್ಟೋ ಕುಟುಂಬಗಳ ಮನೆಮಾತು ತುಳು. ಕನ್ನಡ ಅವರಿಗೆ ಅಕ್ಷರದ, ಯಕ್ಷಗಾನದ, ಭಜನೆಯ ಭಾಷೆ. ಉತ್ತರ ಕರ್ನಾಟಕದಿಂದ ಬಂದವರ ಮನೆಗಳಲ್ಲಿ ಕನ್ನಡವೇ ಮಾತು, ಆದರೆ ಅದು ಪುಸ್ತಕದ ಕನ್ನಡದಂತಿಲ್ಲ. ತುಳುವಿನಲ್ಲಿ ಎ-ಏ, ಒ-ಓ ಭೇದ ಗಟ್ಟಿಯಾಗಿದೆ. ಅಜ್ಜಿಯೊಡನೆ ತುಳು ಮಾತಾಡುವ ಮಗುವಿಗೆ ಕನ್ನಡದ ಪದಗಳು ಗೊತ್ತಿಲ್ಲದಿದ್ದರೂ ಕನ್ನಡದ ಉದ್ದ-ಗಿಡ್ಡ ಕಿವಿಯಲ್ಲಿ ಆಗಲೇ ಇರುತ್ತದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಯೇ ಬೆಳೆದು ನಿಂತಿದೆ. ಆದರೂ ಬೇರೆ ಶಾಲೆಗಳಿಗೆ ಹೋಗುವ ಮಕ್ಕಳಿಗೆ ಕನ್ನಡ ಸಿಗುವುದು ಮನೆಯಲ್ಲಿ, ಇಲ್ಲವೇ ವಾರಕ್ಕೊಮ್ಮೆ. ಅಂಥ ತರಗತಿಯಲ್ಲಿ ಒಂದೇ ಚಾಪೆಯ ಮೇಲೆ ಈ ಎಲ್ಲ ಬಗೆಯ ಮಕ್ಕಳೂ ಕೂತಿರುತ್ತಾರೆ.

ಆ ಚಾಪೆಗಾಗಿ ಒಂದು ಪದ್ಯ ಕಟ್ಟಿದ್ದೇನೆ. ಅದರ ಒಂದೊಂದು ಕೀಲನ್ನೂ ಬಿಚ್ಚಿ ತೋರಿಸುವುದು ಈ ಲೇಖನದ ಕೆಲಸ.

ಸಂಡೇ ಮಾರ್ನಿಂಗ್, ವಾಟ್ ಡು ಐ ಸ್ಮೆಲ್?
ಕುಕ್ಕರಿನೊಳಗಡೆ ಬೇಯುವ ಬೇಳೆ.
ಔಟ್ ದ ವಿಂಡೋ, ವಾಟ್ ಡು ಐ ಸೀ?
ಗದ್ದೆಯ ತುಂಬಾ ಹಸುರಿನ ಹೊಸಬೆಳೆ.

ಹೂ ಇಸ್ ಸ್ಟ್ಯಾಂಡಿಂಗ್ ಅಟ್ ದ ಗೇಟ್?
ಕೋಡನು ಬೀಸುತ ನಿಂತಿದೆ ಎಮ್ಮೆ.
ವಾಟ್ ಡಸ್ ಶಿ ವಾಂಟ್ ಫ್ರಮ್ ಯು ಅಂಡ್ ಮಿ?
ಹಣ್ಣಿನ ಸಿಪ್ಪೆಯ ಕೊಡು ಇನ್ನೊಮ್ಮೆ!

ಡೊಂಬಿವಲಿಯ ಕಿಟಕಿಯಿಂದ ಗದ್ದೆ ಎಲ್ಲಿ ಕಾಣುತ್ತದೆ ಎಂದು ಕೇಳುವವರಿಗೆ: ಮಳೆಗಾಲದಲ್ಲಿ ಕಲ್ಯಾಣ ದಾಟಿ ಕರ್ಜತ್ ಕಡೆಗೋ ಕಸಾರ ಕಡೆಗೋ ಹೋಗುವ ಲೋಕಲ್ ರೈಲಿನ ಕಿಟಕಿಯಿಂದ ಕಾಣುತ್ತದೆ. ಮಕ್ಕಳು ನೋಡಿರುವಂಥದ್ದೇ ಪದ್ಯದಲ್ಲಿರಬೇಕು.

ಮೊದಲ ಪ್ರಶ್ನೆ, ಭಾಷೆ ಬದಲಾಗುವ ಜಾಗ ಯಾವುದು ಎಂಬುದು. ಇಲ್ಲಿ ಅದು ಸಾಲಿನ ಕೊನೆಯಲ್ಲೇ, ವಾಕ್ಯ ಪೂರ್ತಿ ಮುಗಿದ ಮೇಲೇ ಬದಲಾಗುತ್ತದೆ. ಇದಕ್ಕೆ ಕಾರಣವಿದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಕೇಳುತ್ತ ಬೆಳೆಯುವ 20 ತಿಂಗಳ ಮಕ್ಕಳ ಮೇಲೆ ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ಎರಡು ಚಿತ್ರ, ಧ್ವನಿವರ್ಧಕದಲ್ಲಿ ಒಂದು ವಾಕ್ಯ. ಮಗುವಿನ ಕಣ್ಣು ಹೇಳಿದ ಚಿತ್ರದ ಕಡೆಗೆ ಹೊರಳುತ್ತದೆಯೇ, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ಅಳೆದರು. ಮನಸ್ಸಿಗೆ ಹೆಚ್ಚು ಶ್ರಮವಾದಾಗ ಪಾಪೆ ಹಿಗ್ಗುತ್ತದೆ. ನಾಯಿಯನ್ನು ಹುಡುಕು ಎಂಬ ವಾಕ್ಯದಲ್ಲಿ ನಾಯಿ ಎಂಬ ಪದವೊಂದನ್ನೇ ಇನ್ನೊಂದು ಭಾಷೆಯಲ್ಲಿ ಹೇಳಿದಾಗ ಮಕ್ಕಳು ಎಡವಿದರು, ಪಾಪೆ ಹಿಗ್ಗಿತು. ಒಂದು ವಾಕ್ಯ ಮುಗಿದು ಮುಂದಿನದು ಬೇರೆ ಭಾಷೆಯಲ್ಲಿ ಶುರುವಾದಾಗ ಆ ಶ್ರಮ ಇಳಿಯಿತು, ಕೆಲವು ಕಡೆ ಇಲ್ಲವೇ ಆಯಿತು. ದೊಡ್ಡವರಲ್ಲೂ ಇದೇ ಬಗೆ ಕಂಡಿತು. ಮಗು ಹೆಚ್ಚು ಬಲ್ಲ ಭಾಷೆಯಿಂದ ಕಡಿಮೆ ಬಲ್ಲ ಭಾಷೆಗೆ ಜಿಗಿಯುವಾಗ ಎಡವುವುದು ಹೆಚ್ಚು. ನಮ್ಮ ಪದ್ಯದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವುದು ಅದೇ ಕಷ್ಟದ ದಾರಿ.

ಆ ಪ್ರಯೋಗ ನಡೆದದ್ದು ಹಸುಳೆಗಳ ಮೇಲೆ, ಬೇರೆ ಭಾಷೆಗಳಲ್ಲಿ, ಪದ್ಯದ ಲಯವಿಲ್ಲದೆ. ಅದನ್ನು ಏಳೆಂಟು ವರ್ಷದ ಕನ್ನಡ ಮಕ್ಕಳಿಗೆ ಪೂರ್ತಿ ಅನ್ವಯಿಸುವಂತಿಲ್ಲ. ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟವಾಗಿದೆ: ಹೊಸ ಭಾಷೆಗೆ ಕಾಲಿಡುವ ಮುನ್ನ ಒಂದು ಉಸಿರಿನಷ್ಟು ನಿಲುಗಡೆ ಬೇಕು. ಪದ್ಯದ ಸಾಲಿನ ಕೊನೆ ಅದನ್ನು ತಾನಾಗಿಯೇ ಕೊಡುತ್ತದೆ.

ಹಾಗಾದರೆ ಸಾಲಿನ ಒಳಗೆ ಬೆರಕೆಯೇ ಕೂಡದೆ? ‘ಕುಕ್ಕರಿನೊಳಗಡೆ’ ಎಂಬುದರಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರತ್ಯಯ ಅಂಟಿದೆಯಲ್ಲ! ಇದು ಕನ್ನಡಿಗರು ದಿನವೂ ಮಾಡುವ ಕೆಲಸ. ಇದರ ವ್ಯಾಕರಣವನ್ನು ಮೊದಲು ಗಂಭೀರವಾಗಿ ನೋಡಿದವರಲ್ಲಿ ಕನ್ನಡ ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ ಮತ್ತು ಕಮಲ್ ಶ್ರೀಧರ್ ಸೇರುತ್ತಾರೆ. 1980ರಲ್ಲಿ ಪ್ರಕಟವಾದ ಅವರ ಲೇಖನ ಕನ್ನಡ-ಇಂಗ್ಲಿಷ್ ಬೆರಕೆಯ ಮಾತನ್ನೇ ಮುಖ್ಯವಾಗಿ ಆಧರಿಸಿತ್ತು. ಕನ್ನಡ ವಾಕ್ಯದ ಚೌಕಟ್ಟಿನಲ್ಲಿ ಇಂಗ್ಲಿಷಿನ ಒಂದು ತುಣುಕು ಅತಿಥಿಯಂತೆ ಬಂದು ಕೂರುತ್ತದೆ. ತುಣುಕಿನ ಒಳಗಿನ ಕ್ರಮ ಇಂಗ್ಲಿಷಿನದೇ ಇರಬಹುದು, ಆದರೆ ಅದು ಎಲ್ಲಿ ಕೂರಬೇಕು ಎಂಬುದನ್ನು ಕನ್ನಡ ಹೇಳುತ್ತದೆ. ಕುಕ್ಕರು, ಗೇಟು, ಬಸ್ಸುಗಳಂತೂ ಅತಿಥಿಗಳಾಗಿ ಉಳಿದಿಲ್ಲ, ಮನೆಯವರೇ ಆಗಿದ್ದಾರೆ. ತೊಡಕಾಗುವುದು ವಾಕ್ಯದ ಬೆನ್ನೆಲುಬನ್ನೇ ನಡುವೆ ಮುರಿದಾಗ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬಂದು ಕರ್ಮ ಆಮೇಲೆ ಬರುತ್ತದೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿ ಬೆಸುಗೆ ಹಾಕಿದರೆ ಮಗುವಿಗೆ ಎರಡು ಭಾಷೆಯೂ ಸರಿಯಾಗಿ ಕೇಳಿಸುವುದಿಲ್ಲ.

ಮರಾಠಿಯೊಡನೆ ಬೆರೆಸಿದರೆ ಈ ಕಷ್ಟ ಕಡಿಮೆ. ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ತಲೆಮಾರುಗಳಿಂದ ಒಟ್ಟಿಗಿದ್ದಾರೆ. ಅಲ್ಲಿನ ಮಾತನ್ನು ಅಧ್ಯಯನ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಪ್ರಕಾರ, ಅಲ್ಲಿ ಪದಗಳಷ್ಟೇ ಬೇರೆಯಾಗಿ ಉಳಿದು ವಾಕ್ಯಗಳ ಅಚ್ಚು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದಿತ್ತು. ನವಿ ಮುಂಬಯಿಯ ಯಾವುದಾದರೂ ತರಗತಿಯಲ್ಲಿ ಮರಾಠಿ-ಕನ್ನಡ ಪದ್ಯವೊಂದನ್ನು ಯಾರಾದರೂ ಕಟ್ಟಬೇಕು ಎಂಬುದು ನನ್ನ ಬಹಳ ದಿನದ ಆಸೆ. ಅದರಲ್ಲಿ ಸಾಲಿನ ನಡುವೆಯೇ ಭಾಷೆ ಬದಲಿಸಬಹುದು. ಇಂಗ್ಲಿಷಿನೊಡನೆ ಆ ಸಲಿಗೆ ಸಿಗುವುದಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅರ್ಥವನ್ನು ಹೊರುವ ಸಾಲು ಯಾವುದು? ದ್ವಿಭಾಷಾ ಪದ್ಯಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಬೇಳೆ ಬೇಯುತ್ತಿದೆ ಎಂದು ಹೇಳಿ, ಮುಂದಿನ ಸಾಲಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳುವ ಪದ್ಯ ಬರೆಯುವುದು ಸುಲಭ. ನೋಡುವುದಕ್ಕೆ ಅದು ಪಾಠದಂತೆಯೂ ಇರುತ್ತದೆ. ಆದರೆ ಅರ್ಥವೆಲ್ಲ ಇಂಗ್ಲಿಷಿನಲ್ಲೇ ಸಿಕ್ಕಿಬಿಟ್ಟ ಮೇಲೆ ಕನ್ನಡದ ಸಾಲನ್ನು ಕಿವಿಗೊಟ್ಟು ಕೇಳುವ ಅಗತ್ಯ ಮಗುವಿಗೆ ಉಳಿಯುವುದಿಲ್ಲ. ಅಮೆರಿಕದ ದ್ವಿಭಾಷಾ ಶಾಲೆಗಳನ್ನು ನೋಡಿದ ಲಿಲಿ ವಾಂಗ್ ಫಿಲ್ಮೋರ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಟೀಚರು ಪ್ರತಿ ಮಾತನ್ನೂ ಎರಡೂ ಭಾಷೆಯಲ್ಲಿ ಹೇಳುತ್ತ ಹೋದರೆ, ಮಕ್ಕಳು ತಮಗೆ ಗೊತ್ತಿಲ್ಲದ ಭಾಷೆ ಬಂದಾಗ ಕಿವಿ ಮುಚ್ಚಿಕೊಂಡು ಗೊತ್ತಿರುವ ಭಾಷೆಗಾಗಿ ಕಾಯುತ್ತಾರೆ.

ಮೇಲಿನ ಪದ್ಯದಲ್ಲಿ ಇಂಗ್ಲಿಷ್ ಬರೀ ಪ್ರಶ್ನೆ ಕೇಳುತ್ತದೆ. ಉತ್ತರ ಕನ್ನಡದಲ್ಲಿ ಮಾತ್ರ ಇದೆ. ಹಾಗೆಂದು ಮಗುವನ್ನು ಕತ್ತಲಲ್ಲಿ ಬಿಟ್ಟಿಲ್ಲ. ವಾಸನೆ ಕೇಳಿದ್ದರಿಂದ ಉತ್ತರ ಅಡುಗೆಮನೆಯದು ಎಂದು ತಿಳಿಯುತ್ತದೆ, ಕುಕ್ಕರು ಎಂಬ ಪದ ಗೊತ್ತೇ ಇದೆ. ಉಳಿದದ್ದು ಬೇಯುವ ಮತ್ತು ಬೇಳೆ, ಎರಡೇ ಪದ. ಗೇಟಿನ ಪ್ರಶ್ನೆಯಲ್ಲಿ ‘ಸ್ಟ್ಯಾಂಡಿಂಗ್’ ಎಂಬುದು ‘ನಿಂತಿದೆ’ ಎಂಬುದಕ್ಕೆ ಹಿಡಿಕೆ. ಕೋಡು, ಎಮ್ಮೆ, ಬೀಸುವುದು ಇವುಗಳಿಗೆ ಹಿಡಿಕೆ ಇಲ್ಲ. ಅಲ್ಲಿ ಟೀಚರು ತಲೆಯ ಪಕ್ಕ ಕೈ ಬಾಗಿಸಿ ಅಲ್ಲಾಡಿಸಿ ತೋರಿಸಬೇಕು. ಅರ್ಥ ಹಿಡಿದಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ನಾಲ್ಕು ಚಿತ್ರಗಳನ್ನು ಇಟ್ಟು ಇಂಗ್ಲಿಷ್ ಸಾಲುಗಳನ್ನು ಹೇಳದೆ ಕನ್ನಡದ ಸಾಲನ್ನಷ್ಟೇ ಹೇಳಿ, ಚಿತ್ರ ತೋರಿಸು ಎನ್ನಿ. ಅನುವಾದದ ಜೋಡಿಯಂತೆ ಕಲಿತ ಮಗು ಇಲ್ಲಿ ತಡವರಿಸುತ್ತದೆ.

ಇನ್ನು ಲಯದ ಮಾತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ. ಕನ್ನಡ ಪದ್ಯ ಕಾಲವನ್ನು ಅಳೆಯುತ್ತದೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘವೋ ಒತ್ತಕ್ಷರದ ಹಿಂದಿನದೋ ಆದರೆ ಗುರು, ಎರಡು ಮಾತ್ರೆ. ನಮ್ಮ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳಿವೆ: ಕುಕ್ಕರಿ, ನೊಳಗಡೆ, ಬೇಯುವ, ಬೇಳೆ. ಬೇಳೆ ಎಂಬಲ್ಲಿ ಇರುವುದು ಮೂರೇ ಮಾತ್ರೆ, ನಾಲ್ಕನೆಯದನ್ನು ಸಾಲಿನ ಕೊನೆಯ ನಿಲುಗಡೆ ತುಂಬುತ್ತದೆ. ಕುಕ್ಕರಿ ಎಂಬಲ್ಲಿ ಒಂದು ಗುರು, ಎರಡು ಲಘು. ನೊಳಗಡೆ ಎಂಬಲ್ಲಿ ನಾಲ್ಕೂ ಲಘು. ಎರಡಕ್ಕೂ ಹಿಡಿಯುವ ಹೊತ್ತು ಒಂದೇ. ಇಂಗ್ಲಿಷ್ ಪದ್ಯ ಹೀಗೆ ಎಣಿಸುವುದಿಲ್ಲ. ಅದು ಒತ್ತಿ ಹೇಳುವ ಅಕ್ಷರಗಳನ್ನು ಲೆಕ್ಕ ಹಿಡಿದು, ನಡುವಿನವನ್ನು ಅದುಮಿ ಒಳಗೆ ಸೇರಿಸುತ್ತದೆ. ಗಡಿಯಾರ ಹಿಡಿದು ಅಳೆದರೆ ಇದು ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಮಕ್ಕಳು ತಾಳ ಹಾಕಿ ಹೇಳುವಾಗ ಚೆನ್ನಾಗಿ ಕಾಣುತ್ತದೆ. ‘ವಾಟ್ ಡು ಐ’ ಎಂಬುದು ಕನ್ನಡದ ಲೆಕ್ಕದಲ್ಲಿ ಐದು ಮಾತ್ರೆ. ಮಗು ಅದನ್ನು ನಾಲ್ಕರೊಳಗೆ ಯಾವ ಕಷ್ಟವೂ ಇಲ್ಲದೆ ತುರುಕುತ್ತದೆ. ಹೀಗಾಗಿ ಇಂಗ್ಲಿಷ್ ಸಾಲಿನಲ್ಲಿ ನಾಲ್ಕು ಒತ್ತುಗಳಿದ್ದರೆ ಸಾಕು, ಕನ್ನಡದ ನಾಲ್ಕು ಗಣಗಳ ಜೊತೆ ಅದು ಒಂದೇ ತಾಳಕ್ಕೆ ಕೂರುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಒತ್ತುಗಳ ಲಯದ ಜಾಗಕ್ಕೆ ಮಾತ್ರಾಗಣಗಳನ್ನೇ ಹೊಂದಿಸಿಕೊಂಡರು. ಕೈಲಾಸಂ ಅವರ ‘ಕೋಳೀಕೆ ರಂಗ’ ಹುಟ್ಟಿದ್ದು ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನ ಧಾಟಿಯಲ್ಲಿ. ಅಲ್ಲಿ ಇಂಗ್ಲಿಷ್ ಹಾಡು ಊರಿನ ಹೆಸರನ್ನು ಒಂದೊಂದು ಲೆಟರ್ ಆಗಿ ಬಿಡಿಸಿದರೆ, ಕೈಲಾಸಂ ರಂಗನ ಹೆಸರನ್ನು ಕನ್ನಡದ ಅಕ್ಷರಗಳಾಗಿ ಬಿಡಿಸಿದರು. ಧಾಟಿ ಹೊರಗಿನದಾದರೂ ಎಣಿಕೆ ಕನ್ನಡದ್ದೇ.

ಕಾಲವನ್ನು ಅಳೆಯುವ ಪದ್ಯ ಡೊಂಬಿವಲಿಯ ಮಗುವಿನ ತೊಡಕನ್ನು ತಾನೇ ಹಿಡಿದು ತೋರಿಸುತ್ತದೆ. ‘ಹೊಸಬೆಳೆ’ ನಾಲ್ಕು ಲಘುಗಳ ಗಣ. ಮಗು ಅದನ್ನು ‘ಹೊಸಬೇಳೆ’ ಎಂದರೆ ಐದು ಮಾತ್ರೆಯಾಗಿ ತಾಳದಿಂದ ಹೊರಗೆ ಚಾಚುತ್ತದೆ, ಜೊತೆಗೆ ಗದ್ದೆಯ ತುಂಬ ತೊಗರಿಬೇಳೆ ಚೆಲ್ಲಿದಂತಾಗಿ ಉಳಿದ ಮಕ್ಕಳು ನಗುತ್ತಾರೆ. ‘ಕೋಡನು’ ಎಂಬುದನ್ನು ಹ್ರಸ್ವ ಮಾಡಿದರೆ ಗಣ ಮೂರಕ್ಕೆ ಇಳಿದು ಮುಂದಿನ ಚಪ್ಪಾಳೆಗೆ ಮೊದಲೇ ಬಾಯಿ ಖಾಲಿಯಾಗುತ್ತದೆ. ‘ಕೊಡು ಇನ್’ ಎಂಬಲ್ಲಿ ಕೊಡು ಎಂಬುದನ್ನು ಎಳೆದರೆ ‘ಇನ್ನೊಮ್ಮೆ’ ತಡವಾಗಿ ಬರುತ್ತದೆ. ಟೀಚರು ತಪ್ಪು ಎಂದು ಹೇಳಬೇಕಾಗಿಯೇ ಇಲ್ಲ. ಐದಾರು ಮಕ್ಕಳು ಒಟ್ಟಿಗೆ ಹೇಳುವಾಗ ಯಾರು ಹಿಂದೆ ಉಳಿದರು, ಯಾರು ಮುಂದೆ ಓಡಿದರು ಎಂಬುದು ಕೇಳಿಸುತ್ತದೆ. ಇಲ್ಲಿ ತುಳು ಮನೆಯ ಮಗು ಮುಂದಾಳಾಗಬಹುದು, ಅದರ ಎ-ಏ ಗಟ್ಟಿಯಾಗಿರುವುದರಿಂದ.

ಆದರೆ ಮಾತ್ರೆಯ ಈ ಕಾವಲಿಗೆ ಎರಡು ಕಂಡಿಗಳಿವೆ. ಒಂದು, ಸಾಲಿನ ಕೊನೆ. ಅಲ್ಲಿ ಎಲ್ಲರೂ ಸ್ವಲ್ಪ ಎಳೆದು ನಿಲ್ಲುವುದರಿಂದ ‘ಬೇಳೆ’ ಎಂಬುದನ್ನು ಗಿಡ್ಡ ಮಾಡಿದರೂ ನಿಲುಗಡೆಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಅದರ ಹಿಂದೆ ‘ಬೇಯುವ’ ಇದೆ, ಅದೇ ಸ್ವರ, ಸಾಲಿನ ನಡುವೆ. ಕೋಡು, ಕೊಡು ಎರಡನ್ನೂ ಸಾಲಿನ ಕೊನೆಗೆ ಬಿಡದೆ ಒಳಗೇ ಇಟ್ಟದ್ದೂ ಇದಕ್ಕೇ. ಇನ್ನೊಂದು ಕಂಡಿ, ಬಿದ್ದುಹೋಗುವ ಪದಾಂತ್ಯದ ಸ್ವರ. ಮರ ಎಂದರೆ ಎರಡು ಲಘು, ಎರಡು ಮಾತ್ರೆ. ‘ಮರ್’ ಎಂದರೆ ಒಂದು ಗುರು, ಅದೂ ಎರಡೇ ಮಾತ್ರೆ. ‘ಬೇಯುವ್’ ಎಂದು ಹೇಳಿದರೂ ಗಣದ ಲೆಕ್ಕ ನಾಲ್ಕಕ್ಕೇ ಬಂದು ನಿಲ್ಲುತ್ತದೆ. ತಾಳಕ್ಕೆ ಗೊತ್ತೇ ಆಗುವುದಿಲ್ಲ. ಇದನ್ನು ಹಿಡಿಯಲು ಬೇರೆ ಚಪ್ಪಾಳೆ ಬೇಕು: ಗಣಕ್ಕೊಂದು ತಟ್ಟದೆ ಅಕ್ಷರಕ್ಕೊಂದು ತಟ್ಟಿಸಬೇಕು. ‘ಬೇಯುವ’ ಎಂಬುದಕ್ಕೆ ಮೂರು ತಟ್ಟು. ಎರಡೇ ಬಂದರೆ ಸ್ವರ ಬಿದ್ದಿದೆ ಎಂದು ಅರ್ಥ. ಮೊದಲು ಗಣದ ತಾಳ, ಆಮೇಲೆ ಅಕ್ಷರದ ತಾಳ, ಹೀಗೆ ಒಂದೇ ಸಾಲನ್ನು ಎರಡು ಸಲ ಹೇಳಿಸಬೇಕಾಗುತ್ತದೆ.

ಅಕ್ಷರಕ್ಕೊಂದು ತಟ್ಟುವುದು ಕನ್ನಡದ ಓದಿಗೂ ನೆರವಾಗುತ್ತದೆ. ಸೊನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವನ್ನು ಅಕ್ಷರಗಳಾಗಿ ಒಡೆಯುವ ಅರಿವು ಮಕ್ಕಳಿಗೆ ಬೇಗ ಬರುತ್ತದೆ, ಅಕ್ಷರದ ಒಳಗಿನ ಸ್ವರ-ವ್ಯಂಜನಗಳನ್ನು ಬಿಡಿಯಾಗಿ ಗುರುತಿಸುವುದು ನಿಧಾನ ಎಂದು ಕಂಡಿತು. ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ದಿನವೂ ಕನ್ನಡ ಓದುವ ಶಾಲೆಯಲ್ಲೇ ನಾಲ್ಕೈದು ವರ್ಷ ಹಿಡಿಯುತ್ತದೆ. ವಾರಕ್ಕೊಂದು ಗಂಟೆಯ ತರಗತಿಯಿಂದ ಅದಕ್ಕಿಂತ ವೇಗವನ್ನು ಬಯಸುವುದು ನ್ಯಾಯವಲ್ಲ.

ಪದ್ಯ ಬಾಯಿಗೆ ಬಂದ ಮೇಲೆ ಇಂಗ್ಲಿಷ್ ಸಾಲುಗಳು ಮೆಲ್ಲಗೆ ಹಿಂದೆ ಸರಿಯಬೇಕು. ಮೊದಲ ವಾರ ಟೀಚರು ಎರಡನ್ನೂ ಹೇಳಿ, ಮಕ್ಕಳು ಕನ್ನಡದ ಕೊನೆಯ ಪದವನ್ನಷ್ಟೇ ತುಂಬಲಿ. ಮುಂದಿನ ವಾರ ಟೀಚರು ಪ್ರಶ್ನೆ, ಮಕ್ಕಳು ಪೂರ್ತಿ ಉತ್ತರ. ಆಮೇಲೆ ಪ್ರಶ್ನೆಯೂ ಕನ್ನಡಕ್ಕೆ ತಿರುಗಲಿ: ಏನಿದು ಘಮಘಮ, ಯಾರದು ಬಾಗಿಲಲಿ ಎಂದು. ಇಷ್ಟಾಗುವ ಹೊತ್ತಿಗೆ ಮಕ್ಕಳು ತಾವಾಗಿಯೇ ಬೇರೆ ಉತ್ತರ ಹಾಕತೊಡಗುತ್ತಾರೆ, ಎಮ್ಮೆಯ ಜಾಗಕ್ಕೆ ಅಮ್ಮ ಬರುತ್ತಾಳೆ. ಇಂಗ್ಲಿಷ್ ಸಾಲು ಕೊನೆಯವರೆಗೂ ಹಾಗೆಯೇ ಉಳಿದರೆ, ಅದನ್ನು ಕೇಳದೆ ಕನ್ನಡದ ಸಾಲು ನೆನಪಾಗದ ಸ್ಥಿತಿ ಬರುತ್ತದೆ. ಅದು ಬಂದಿದೆಯೇ ಎಂದು ನೋಡಲು ನಾಲ್ಕನೆಯ ಸಾಲಿನಿಂದ ಶುರು ಮಾಡಿ ಎಂದು ಹೇಳಿ ನೋಡಬಹುದು.

ಕೊನೆಯದಾಗಿ ಹಾಳೆಯ ವಿಷಯ. ಪದ್ಯವನ್ನು ಮನೆಗೆ ಕಳುಹಿಸುವಾಗ, ಕನ್ನಡ ಲಿಪಿ ಓದಲು ಬಾರದ ತಂದೆತಾಯಿಗಳಿಗೆ ಅನುಕೂಲವಾಗಲಿ ಎಂದು ಕನ್ನಡದ ಸಾಲುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಹಾಕುವ ರೂಢಿ ಇದೆ. ನಾವು ಮೊಬೈಲಿನಲ್ಲಿ ಬರೆಯುವ ಆ ಬಗೆಯಲ್ಲಿ ಬೆಳೆಗೂ ಬೇಳೆಗೂ ಒಂದೇ ಕಾಗುಣಿತ, ಕೊಡುವಿಗೂ ಕೋಡಿಗೂ ಒಂದೇ. ತರಗತಿಯ ತಾಳ ಬಿಡಿಸಿಕೊಟ್ಟ ಭೇದವನ್ನು ಆ ಹಾಳೆ ಮತ್ತೆ ಕಲಸಿಬಿಡುತ್ತದೆ. ದೇವನಾಗರಿಯಲ್ಲಿ ಬರೆದುಕೊಟ್ಟರೂ ಇದೇ ಕತೆ, ಅಲ್ಲಿ ಹ್ರಸ್ವ ಎ, ಒ ಗಳಿಗೆ ವಾಡಿಕೆಯ ಗುರುತೇ ಇಲ್ಲ. ಕನ್ನಡ ಲಿಪಿಯ ಪ್ರತಿಯೊಂದಿಗೆ ಟೀಚರು ತಮ್ಮದೇ ದನಿಯಲ್ಲಿ ಹೇಳಿದ ಪದ್ಯವನ್ನೂ ಕಳುಹಿಸಿದರೆ, ಓದಲು ಬಾರದ ಮನೆಯಲ್ಲೂ ಬೇಳೆ ಎರಡು ಮಾತ್ರೆಯಿಂದಲೇ ಶುರುವಾಗುತ್ತದೆ.